ಎಂಟನೇ ನಂಬರ್ ಯಾಕೆ ಹಿಡಿಯಿತು?

ಕಟ್ಟೆಮಳಲವಾಡಿಯ ಓದುಗರೇ, ನೀವು ಸದಾ ಹಾಕುವ ಎಂಟನೇ ನಂಬರನ್ನೇ ತರಿಸಿದರೂ ಶೂ ಕಿರುಬೆರಳು ಒತ್ತುತ್ತಿದೆ ಎಂದಿದ್ದೀರಿ. ನಂಬರ್ ನಂಬಬೇಡಿ, ಸೆಂಟಿಮೀಟರ್ ನಂಬಿ. ಒಂದು ಕಂಪನಿಯ ಎಂಟು ಇನ್ನೊಂದರ ಎಂಟಾಗಿರುವುದಿಲ್ಲ. ಯುಕೆ ಎಂಟು, ಯುಎಸ್ ಎಂಟು ಬೇರೆ ಬೇರೆ.

ಸಂಜೆ ಅಳೆಯಿರಿ. ಹೊಗೆಸೊಪ್ಪಿನ ಹೊಲದಲ್ಲಿ ದಿನವಿಡೀ ನಿಂತ ಕಾಲು ಆಗ ತುಸು ಊದಿರುತ್ತದೆ. ಹಾಳೆಯನ್ನು ಗೋಡೆಗೆ ಒತ್ತಿ ಹಾಸಿ, ಕಾಲುಚೀಲ ಹಾಕಿಕೊಂಡು, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿ. ಕೂತು ಅಳೆದರೆ ಕಾಲು ಚಿಕ್ಕದಾಗಿ ಕಾಣುತ್ತದೆ. ಬಗ್ಗಿದರೆ ಹಿಮ್ಮಡಿ ಸರಿಯುತ್ತದೆ, ಬೆರಳ ತುದಿಯ ಗುರುತನ್ನು ಮನೆಯವರಿಂದ ಹಾಕಿಸಿ. ಪೆನ್ಸಿಲ್ ನೆಟ್ಟಗಿರಲಿ. ಕೆಲವರಿಗೆ ಹೆಬ್ಬೆರಳಿಗಿಂತ ಪಕ್ಕದ ಬೆರಳೇ ಉದ್ದ, ಉದ್ದದ್ದನ್ನೇ ಹಿಡಿಯಿರಿ.

ಗೋಡೆಯಿಂದ ಗುರುತಿನವರೆಗೆ ಎಡಗಾಲು 25.8, ಬಲಗಾಲು 26.2 ಸೆಂಟಿಮೀಟರ್ ಬಂತೆನ್ನಿ. ಲೆಕ್ಕಕ್ಕೆ 26.2. ಈಗ ಸೈಜ್ ಚಾರ್ಟ್‌ನಲ್ಲಿ ಕೊಟ್ಟಿರುವುದು ಪಾದದ ಉದ್ದವೋ, ಶೂ ಒಳಗಿನ ಉದ್ದವೋ ನೋಡಿ. ಹೆಚ್ಚಿನವರು ಎಡವುವುದು ಇಲ್ಲೇ. ಪಾದದ್ದಾದರೆ 26.2ಕ್ಕೆ ಸಮ ಇಲ್ಲವೇ ಅದಕ್ಕಿಂತ ತುಸು ಹೆಚ್ಚಿನ ಅಳತೆಯ ಸಾಲು. ಒಳಗಿನದಾದರೆ ಒಂದು ಸೆಂಟಿಮೀಟರ್ ಸೇರಿಸಿ 27.2ರ ಆಸುಪಾಸು.

ನಿಮ್ಮದು ಬಹುಶಃ ಅಗಲದ ತೊಂದರೆ. ಉದ್ದ ಸರಿಯಿದ್ದೂ ಕಿರುಬೆರಳು ಒತ್ತಿದರೆ ದೊಡ್ಡ ನಂಬರ್ ತರಿಸಬೇಡಿ, ಹಿಮ್ಮಡಿ ಜಾರುತ್ತದೆ. ‘ವೈಡ್’ ಎಂದಿರುವುದನ್ನು ಹುಡುಕಿ.

ದುಡ್ಡು ವಾಪಸ್ ಕೊಡುತ್ತಾರೋ, ಬರೀ ಬದಲಿಸುತ್ತಾರೋ, ನಿಮ್ಮ ಪಿನ್‌ಕೋಡ್‌ಗೆ ಬಂದು ಒಯ್ಯುತ್ತಾರೋ ಎಂಬುದನ್ನು ಆರ್ಡರ್‌ಗೆ ಮೊದಲೇ ಓದಿ. ಬಂದ ಶೂವನ್ನು ಹಾಕಿಕೊಂಡು ಚಾಪೆಯ ಮೇಲಷ್ಟೇ ನಡೆದು ನೋಡಿ. ಅಂಗಳದ ಕೆಮ್ಮಣ್ಣು ಅಟ್ಟೆಗೆ ಹತ್ತಿದರೆ ವಾಪಸ್ ಒಪ್ಪಲಿಕ್ಕಿಲ್ಲ. ಶೂ ಸರಿಹೊಂದಿತು ಎಂದು ಖಚಿತವಾಗುವವರೆಗೆ ಡಬ್ಬಿ, ಟ್ಯಾಗ್ ಎಸೆಯಬೇಡಿ.