ಸೊನ್ನೆ ತೋರಿಸಿದ ಚಕ್ರ ಏಕೆ ನಡುಗಿತು

ಜಯನಗರದಿಂದ ಜೆ.ಪಿ. ನಗರದವರೆಗೆ ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವವನಿಗೆ ಚಕ್ರದ ದೋಷ ತಿಳಿಯುವುದೇ ಇಲ್ಲ. ಕನಕಪುರ ರಸ್ತೆಯಿಂದ ನೈಸ್ ರಸ್ತೆಗೆ ಹತ್ತಿ ವೇಗ 90 ಮುಟ್ಟಿದಾಗ ನನ್ನ ಸ್ಟಿಯರಿಂಗ್ ಎಡಕ್ಕೂ ಬಲಕ್ಕೂ ಸಣ್ಣಗೆ ನಡುಗಲು ಶುರುವಾಯಿತು. 70ಕ್ಕೆ ಇಳಿಸಿದರೆ ನಿಲ್ಲುತ್ತಿತ್ತು. ಹಿಂದಿನ ವಾರವಷ್ಟೇ ಮುಂದಿನ ಎರಡು ಟೈರ್ ಹೊಸದಾಗಿ ಹಾಕಿಸಿ, ಬ್ಯಾಲೆನ್ಸಿಂಗ್ ಮಾಡಿಸಿದ್ದೆ. ಮೆಷಿನ್ ಸೊನ್ನೆ ತೋರಿಸಿದ್ದನ್ನು ಕಣ್ಣಾರೆ ನೋಡಿದ್ದೆ.

ತಪ್ಪು ಅಂಗಡಿಯವನದಲ್ಲ, ನನ್ನದು. ಅಲಾಯ್ ವೀಲ್‌ನ ಅಂದ ಕೆಡಬಾರದೆಂದು, ‘ಹೊರಗಡೆ ವೇಟ್ ಬೇಡಪ್ಪ, ಒಳಗೇ ಎಲ್ಲಾದರೂ ಅಂಟಿಸು’ ಎಂದಿದ್ದೆ. ಆ ಹುಡುಗ ಮೆಷಿನ್ನನ್ನು ಸ್ಟ್ಯಾಟಿಕ್ ಮೋಡ್‌ಗೆ ಹಾಕಿ ಒಂದೇ ಕಡೆ ವೇಟ್ ಅಂಟಿಸಿದ್ದ.

ಬನಶಂಕರಿಯ ಇನ್ನೊಂದು ಅಂಗಡಿಯಲ್ಲಿ ವಯಸ್ಸಾದ ಮೆಕ್ಯಾನಿಕ್ ಅದೇ ಚಕ್ರವನ್ನು ಕೋನ್ ಹಾಕಿ ಬಿಗಿದು, ರಿಮ್‌ನ ದೂರ, ಅಗಲ, ವ್ಯಾಸ ಮೂರನ್ನೂ ಅಳೆದು ಮೆಷಿನ್‌ಗೆ ಕೊಟ್ಟು, ಡೈನಾಮಿಕ್ ಮೋಡ್‌ನಲ್ಲಿ ತಿರುಗಿಸಿದರು. ಒಳಗಿನ ಅಂಚಿಗೆ 30 ಗ್ರಾಂ, ಹೊರಗಿನ ಅಂಚಿಗೆ 30 ಗ್ರಾಂ, ಎರಡೂ ಪರಸ್ಪರ ಎದುರು ದಿಕ್ಕಿನಲ್ಲಿ ಬೇಕು ಎಂದಿತು ಮೆಷಿನ್. ಮತ್ತೆ ಸ್ಟ್ಯಾಟಿಕ್‌ಗೆ ಹಾಕಿದರು: ಸೊನ್ನೆ. ‘ಎರಡೂ ನಿಜಾನೇ ಸಾರ್’ ಎಂದರು.

ಮೆಕ್ಯಾನಿಕಲ್ ಓದುವಾಗ ಪ್ರಾಡಕ್ಟ್ ಆಫ್ ಇನರ್ಷಿಯಾ ಎಂಬುದನ್ನು ಪರೀಕ್ಷೆಗೆ ಬರೆದು ಅಲ್ಲೇ ಬಿಟ್ಟು ಬಂದಿದ್ದೆ. ಅದು ಇಲ್ಲಿ ಎದುರಿಗೆ ನಿಂತಿತ್ತು. ಚಕ್ರದ ಹೊರಮುಖದಲ್ಲಿ ಮೇಲ್ಗಡೆ 30 ಗ್ರಾಂ ಹೆಚ್ಚಿಗೆ ಇದೆ, ಒಳಮುಖದಲ್ಲಿ ಕೆಳಗಡೆ ಅಷ್ಟೇ ಹೆಚ್ಚಿಗೆ ಇದೆ ಎಂದುಕೊಳ್ಳಿ. ತೂಕವನ್ನು ಆಕ್ಸಲ್‌ನಿಂದ ಅದಕ್ಕಿರುವ ದೂರದಿಂದ ಗುಣಿಸಿದರೆ ಮೇಲಿನದು ಧನ, ಕೆಳಗಿನದು ಋಣ, ಕೂಡಿದರೆ ಸೊನ್ನೆ. ಅಂದರೆ ಚಕ್ರದ ಗುರುತ್ವ ಕೇಂದ್ರ ಆಕ್ಸಲ್ ಮೇಲೆಯೇ ಇದೆ. ಸಡಿಲವಾಗಿ ತೂಗುಬಿಟ್ಟರೆ ಯಾವ ಭಾಗವೂ ತಾನಾಗಿ ಕೆಳಗೆ ಬಂದು ನಿಲ್ಲುವುದಿಲ್ಲ. ಆದರೆ ಇದರ ಜೊತೆಗೆ ಚಕ್ರದ ನಡುವಿನಿಂದ ಆಕ್ಸಲ್ ಉದ್ದಕ್ಕೆ ಇರುವ ದೂರದಿಂದಲೂ ಗುಣಿಸಿದರೆ ಲೆಕ್ಕ ತಿರುಗಿಬೀಳುತ್ತದೆ. ಮೇಲಿನದು ಹೊರಗಿದೆ: ಧನಕ್ಕೆ ಧನ. ಕೆಳಗಿನದು ಒಳಗಿದೆ: ಋಣಕ್ಕೆ ಋಣ, ಅದೂ ಧನವೇ. ಒಂದನ್ನೊಂದು ಅಳಿಸುವ ಬದಲು ಎರಡೂ ಕೂಡಿಕೊಳ್ಳುತ್ತವೆ. ಈ ಮೊತ್ತವೇ ಪ್ರಾಡಕ್ಟ್ ಆಫ್ ಇನರ್ಷಿಯಾ. ಅದು ಸೊನ್ನೆಯಲ್ಲದಿದ್ದರೆ, ಚಕ್ರ ತನ್ನಷ್ಟಕ್ಕೆ ನೆಟ್ಟಗೆ ತಿರುಗಬಲ್ಲ ಅಕ್ಷ ಆಕ್ಸಲ್‌ಗಿಂತ ಕೂದಲೆಳೆಯಷ್ಟು ವಾರೆಯಾಗಿದೆ ಎಂದರ್ಥ. ಬೇರಿಂಗ್ ಅದನ್ನು ಬಲವಂತವಾಗಿ ನೆಟ್ಟಗೆ ಹಿಡಿದಿರುತ್ತದೆ, ಚಕ್ರ ಆ ಹಿಡಿತವನ್ನು ಮುರಿಯಲು ನೋಡುತ್ತಿರುತ್ತದೆ.

ಮನೆಗೆ ಬಂದು ಲೆಕ್ಕ ಹಾಕಿದೆ. 90 ಕಿ.ಮೀ. ವೇಗದಲ್ಲಿ ನನ್ನ 15 ಇಂಚಿನ ಚಕ್ರ ಸೆಕೆಂಡಿಗೆ ಸುಮಾರು 13 ಸುತ್ತು ಹಾಕುತ್ತದೆ. ರಿಮ್ ಅಂಚಿನ 30 ಗ್ರಾಂ ಆಗ ಸುಮಾರು 4 ಕಿಲೋ ಭಾರದಷ್ಟು ಬಲದಿಂದ ಹೊರಕ್ಕೆಳೆಯುತ್ತದೆ. ಎರಡೂ ಅಂಚುಗಳ ನಡುವೆ 15 ಸೆಂ.ಮೀ. ಅಂತರವಿರುವುದರಿಂದ ಎರಡು ಎಳೆತಗಳೂ ಸೇರಿ ಆಕ್ಸಲ್ಲನ್ನು ತಿರುಚುತ್ತವೆ. ಈ ತಿರುಚು ಚಕ್ರದೊಂದಿಗೇ ಸುತ್ತುತ್ತದೆ. ತೂಕಗಳು ಮುಂದೆ–ಹಿಂದೆ ಇದ್ದಾಗ ಸ್ಟಿಯರಿಂಗ್ ತಿರುಗಿಸಲು ನೋಡುತ್ತದೆ, ಮೇಲೆ–ಕೆಳಗೆ ಇದ್ದಾಗ ಚಕ್ರವನ್ನು ಪಕ್ಕಕ್ಕೆ ವಾಲಿಸಲು ನೋಡುತ್ತದೆ. ವೇಗ ಅರ್ಧವಾದರೆ ಬಲ ಕಾಲು ಭಾಗಕ್ಕಿಳಿಯುತ್ತದೆ. ಜಯನಗರದ ಟ್ರಾಫಿಕ್ಕಿನಲ್ಲಿ ನನಗೆ ಏನೂ ಅನಿಸದಿದ್ದುದು ಅದಕ್ಕೇ. ಜೊತೆಗೆ ಸಸ್ಪೆನ್ಷನ್, ಸ್ಟಿಯರಿಂಗ್‌ಗಳ ಸಹಜ ಕಂಪನವೂ ಸೆಕೆಂಡಿಗೆ ಹತ್ತು–ಹದಿನೈದರ ಆಸುಪಾಸಿನಲ್ಲೇ ಇರುವುದರಿಂದ 80–100ರ ನಡುವೆ ನಡುಕ ದೊಡ್ಡದಾಗಿ ಕಾಣುತ್ತದೆ.

ಈ ತಿರುಚನ್ನು ಒಂದೇ ವೇಟ್‌ನಿಂದ ಕಳೆಯಲಾಗದು, ಎರಡು ಕಡೆ ಬೇಕೇಬೇಕು. ನನ್ನ ಅಂದದ ಹಟಕ್ಕೂ ಮೆಕ್ಯಾನಿಕ್ ದಾರಿ ತೋರಿಸಿದರು. ಒಂದನ್ನು ಒಳ ಅಂಚಿನ ಬಳಿ, ಇನ್ನೊಂದನ್ನು ಸ್ಪೋಕ್‌ಗಳ ಬೆನ್ನಿಗೆ ಅಂಟಿಸಿದರು. ಅಂತರ 10 ಸೆಂ.ಮೀ.ಗೆ ಇಳಿದದ್ದರಿಂದ, ಆಕ್ಸಲ್‌ಗೂ ತುಸು ಹತ್ತಿರವಾದದ್ದರಿಂದ, 30ರ ಬದಲು 50 ಗ್ರಾಂ ಬೇಕಾಯಿತು. ಆಮೇಲೆ ಚಕ್ರವನ್ನು ಸಡಿಲಿಸಿ, ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು ಪರೀಕ್ಷಿಸಿದರು. ಆಗ ಅಂಕಿ ಬದಲಾದರೆ ಚಕ್ರ ಮೆಷಿನ್ ಮೇಲೆ ಸರಿಯಾಗಿ ಕೂತಿಲ್ಲವೆಂದು ಅರ್ಥ.

ಗುಂಡಿಗೆ ಬಿದ್ದು ರಿಮ್ ಬಾಗಿದ್ದರೆ, ಟೈರ್ ಉಬ್ಬಿದ್ದರೆ ಇದ್ಯಾವುದೂ ನೆರವಾಗದು. ಆಗಲೂ ಮೆಷಿನ್ ಸೊನ್ನೆ ತೋರಿಸೀತು, ಕಾರು ನಡುಗೀತು. ಮಳೆಗಾಲದಲ್ಲಿ ರಿಮ್ ಒಳಗೆ ಕೆಸರು ಒಣಗಿ ಅಂಟಿದ್ದರೆ ಮೊದಲು ಅದನ್ನು ತೊಳೆಸಿ.

ಮುಂದಿನ ಸಲ ಬ್ಯಾಲೆನ್ಸಿಂಗ್ ಮಾಡಿಸುವಾಗ ಮೆಷಿನ್ ಪರದೆ ನೋಡಿ. ಒಳಗೆ, ಹೊರಗೆ ಎಂದು ಎರಡು ಅಂಕಿ ಕಾಣಬೇಕು. ಒಂದೇ ಇದ್ದರೆ ಡೈನಾಮಿಕ್ ಮೋಡ್‌ಗೆ ಹಾಕಿಸಿ, ಮತ್ತೊಮ್ಮೆ ತಿರುಗಿಸಲು ಹೇಳಿ.