ದರದ ಸರಾಸರಿ, ಹಣದ ಸರಾಸರಿ



ಎರಡು ಸುಗ್ಗಿಗಳ ಹಿಂದೆ ನಮ್ಮ ಸದಸ್ಯರೊಬ್ಬರು ಒಂದು ಚೀಟಿಯನ್ನು ಹಿಡಿದುಕೊಂಡು ಸಂಘದ ಕಚೇರಿಗೆ ಬಂದರು. ಮುಖದಲ್ಲಿ ಅಸಮಾಧಾನವಿತ್ತು. ಅವರ ಮನೆಯ ಅಂಗಳಕ್ಕೆ ಬಂದ ವ್ಯಾಪಾರಿಯೊಬ್ಬನು, ಒಣಗಿಸಿ ಚೀಲ ತುಂಬಿದ್ದ ಹತ್ತು ಕ್ವಿಂಟಾಲ್ ಕೆಂಪಡಿಕೆಯನ್ನು ಬಗೆ ನೋಡದೆ ಒಟ್ಟಾಗಿ ಕ್ವಿಂಟಾಲಿಗೆ 49,000 ರೂಪಾಯಿಯಂತೆ ಕೇಳಿದ್ದನಂತೆ. ಇವರು ಅಂದಿನ ಪೇಟೆ ಧಾರಣೆಯನ್ನು ನೋಡಿ, ನಾಲ್ಕು ಬಗೆಗಳ ದರವನ್ನು ಕೂಡಿ, ನಾಲ್ಕರಿಂದ ಭಾಗಿಸಿ, ಸರಾಸರಿ 53,750 ಬರುತ್ತದೆಂದು ಕಂಡು, ಆ ವ್ಯಾಪಾರಿಯನ್ನು ಕಾಫಿ ಕುಡಿಸಿ ಕಳುಹಿಸಿಬಿಟ್ಟಿದ್ದರು. ಮಾಲನ್ನು ಸಂಘದ ಮೂಲಕ ಮಾರಿದಾಗ ಕೈಗೆ ಬಂದ ಲೆಕ್ಕ ಕ್ವಿಂಟಾಲಿಗೆ 47,200 ಮಾತ್ರ. "ಧಾರಣೆ ಒಂದು ಪೈಸೆಯೂ ಇಳಿದಿಲ್ಲ, ಹಾಗಾದರೆ ಆರು ಸಾವಿರ ಎಲ್ಲಿ ಹೋಯಿತು, ಸ್ವಾಮಿ?" ಎಂಬುದು ಅವರ ಪ್ರಶ್ನೆ.

ಹಣ ಎಲ್ಲಿಗೂ ಹೋಗಿರಲಿಲ್ಲ. ಅದು ಮೊದಲಿಗೇ ಇರಲಿಲ್ಲ. ಈ ಮಾತನ್ನು ಅವರಿಗೆ ಮನದಟ್ಟು ಮಾಡಲು ನಮಗೆ ಅರ್ಧ ಗಂಟೆ ಹಿಡಿಯಿತು. ಇದೇ ತಪ್ಪನ್ನು ನಮ್ಮಲ್ಲಿ ಅನೇಕರು ಮಾಡುವುದರಿಂದ ಆ ಅರ್ಧ ಗಂಟೆಯ ಮಾತನ್ನು ಇಲ್ಲಿ ಬರೆಯುತ್ತಿದ್ದೇವೆ. ಲೆಕ್ಕ ಹಿಡಿಯಲು ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿಕೊಂಡಿದ್ದೇವೆ. ಇವನ್ನು ಇಂದಿನ ಧಾರಣೆಯೆಂದು ಯಾರೂ ತಿಳಿಯಬಾರದು. ಸಾಗಣೆ, ಹಮಾಲಿ ಮೊದಲಾದ ಖರ್ಚನ್ನೂ ಬಿಟ್ಟಿದ್ದೇವೆ.

ಅವರ ಮಾಲು ಬಗೆವಾರು ಹೀಗಿತ್ತು: ಸರಕು 40 ಕಿಲೋ, ದರ ಕ್ವಿಂಟಾಲಿಗೆ 80,000. ಬೆಟ್ಟೆ 1 ಕ್ವಿಂಟಾಲ್ 60 ಕಿಲೋ, ದರ 55,000. ರಾಶಿ 6 ಕ್ವಿಂಟಾಲ್, ದರ 48,000. ಗೊರಬಲು 2 ಕ್ವಿಂಟಾಲ್, ದರ 32,000.

ನಾಲ್ಕು ದರಗಳನ್ನು ಕೂಡಿದರೆ 2,15,000. ನಾಲ್ಕರಿಂದ ಭಾಗಿಸಿದರೆ 53,750. ಕೂಡುವುದರಲ್ಲಾಗಲಿ ಭಾಗಿಸುವುದರಲ್ಲಾಗಲಿ ತಪ್ಪಿಲ್ಲ. ಆದರೆ ಈ ಲೆಕ್ಕವು ನಮ್ಮ ಸದಸ್ಯರ ಹತ್ತಿರ ನಾಲ್ಕೂ ಬಗೆಯ ಅಡಿಕೆ ಎರಡೂವರೆ ಕ್ವಿಂಟಾಲಿನಂತೆ ಸಮನಾಗಿ ಇದೆಯೆಂದು ಭಾವಿಸಿಕೊಳ್ಳುತ್ತದೆ. ಎರಡೂವರೆ ಕ್ವಿಂಟಾಲ್ ಸರಕು ಇದ್ದವರು ಸರಾಸರಿ ಕೇಳಲು ನಮ್ಮಲ್ಲಿಗೆ ಬರುವ ಕಾರಣವೇ ಇರಲಿಲ್ಲ! ಅವರಲ್ಲಿದ್ದದ್ದು ಒಂದು ಚೀಲವೂ ತುಂಬದ 40 ಕಿಲೋ. ಆ 40 ಕಿಲೋವಿನ ದರಕ್ಕೂ ಆರು ಕ್ವಿಂಟಾಲ್ ರಾಶಿಯ ದರಕ್ಕೂ ಲೆಕ್ಕದಲ್ಲಿ ಒಂದೇ ಮಣೆ ಹಾಕಿದ್ದರಿಂದ ಸರಾಸರಿಯು ಮೇಲಕ್ಕೆ ಏರಿ ಕುಳಿತಿತು.

ಈಗ ಹಣದ ಕಡೆಯಿಂದ ಬರೋಣ. ಸರಕಿನಿಂದ ಬಂದದ್ದು 32,000 ರೂಪಾಯಿ. ಬೆಟ್ಟೆಯಿಂದ 88,000. ರಾಶಿಯಿಂದ 2,88,000. ಗೊರಬಲಿನಿಂದ 64,000. ಒಟ್ಟು 4,72,000. ಇದನ್ನು ಹತ್ತು ಕ್ವಿಂಟಾಲಿಗೆ ಹಂಚಿದರೆ 47,200. ಬಂದ ಒಟ್ಟು ಹಣವನ್ನು ಹೋದ ಒಟ್ಟು ತೂಕದಿಂದ ಭಾಗಿಸುವುದು, ಇಷ್ಟೇ. ಲೆಕ್ಕದ ಪುಸ್ತಕಗಳಲ್ಲಿ ಇದನ್ನು ಭಾರಿತ ಸರಾಸರಿ ಎನ್ನುತ್ತಾರೆ. ತಕ್ಕಡಿಯಲ್ಲಿ ತೂಗಿ ಮಾರುವ ನಮಗೆ ತೂಕದ ಸರಾಸರಿ ಎಂದರೆ ಸಾಕು. ಬಗೆಯ ದರಕ್ಕೆ ಅದರ ತೂಕದಷ್ಟೇ ಮಾತು, ಅದಕ್ಕಿಂತ ಹೆಚ್ಚಿಲ್ಲ.

ಅಂದಮೇಲೆ ಅಂಗಳಕ್ಕೆ ಬಂದ ವ್ಯಾಪಾರಿ 49,000 ಕೇಳಿದ್ದು ಕಡಿಮೆಯೇನಲ್ಲ, ಕ್ವಿಂಟಾಲಿಗೆ 1,800 ಹೆಚ್ಚೇ ಆಗಿತ್ತು. ಹತ್ತು ಕ್ವಿಂಟಾಲಿಗೆ 18,000 ರೂಪಾಯಿ. ಸಂಘದ ಪತ್ರಿಕೆಯಲ್ಲಿ ಹೀಗೆ ಬರೆಯಬಹುದೇ ಎಂದು ಕೆಲವರು ಕೇಳಬಹುದು. ಲೆಕ್ಕ ಲೆಕ್ಕವೇ. ಅದೇ ವ್ಯಾಪಾರಿ 46,000 ಕೇಳಿದಾಗ ಬೇಡವೆನ್ನುವ ಧೈರ್ಯ ಬರುವುದೂ ಇದೇ ಲೆಕ್ಕದಿಂದ.

ಕಾಗದ ಪೆನ್ಸಿಲಿಲ್ಲದೆ ಅಂಗಳದಲ್ಲಿ ನಿಂತೇ ಈ ಲೆಕ್ಕ ಮಾಡಲು ಒಂದು ದಾರಿಯುಂಟು. ಅತಿ ದೊಡ್ಡ ಗುಡ್ಡೆಯ ದರವನ್ನು ಬುಡವಾಗಿ ಹಿಡಿಯಿರಿ. ಇಲ್ಲಿ ಅದು ರಾಶಿ, 48,000. ಸರಕಿನ ದರ ಅದಕ್ಕಿಂತ 32,000 ಮೇಲೆ, ಆದರೆ ಇರುವುದು 40 ಕಿಲೋ, ಆದ್ದರಿಂದ ಸಿಕ್ಕ ಲಾಭ 12,800. ಬೆಟ್ಟೆ 7,000 ಮೇಲೆ, 1 ಕ್ವಿಂಟಾಲ್ 60 ಕಿಲೋಗೆ 11,200. ಗೊರಬಲು 16,000 ಕೆಳಗೆ, ಎರಡು ಕ್ವಿಂಟಾಲಿಗೆ 32,000 ಕಡಿತ. ಮೇಲಿನವೆರಡು ಸೇರಿ 24,000, ಕೆಳಗಿನದು 32,000. ಉಳಿಯುವುದು 8,000 ಕೊರತೆ. ಅದನ್ನು ಹತ್ತು ಕ್ವಿಂಟಾಲಿಗೆ ಹಂಚಿದರೆ 800. ನಲವತ್ತೆಂಟು ಸಾವಿರದಲ್ಲಿ ಎಂಟುನೂರು ಕಳೆದರೆ ಅದೇ 47,200. ಹೀಗೆ ಮಾಡುವಾಗ ಯಾವ ಗುಡ್ಡೆ ನಮ್ಮನ್ನು ಮೇಲಕ್ಕೆ ಎತ್ತುತ್ತಿದೆ, ಯಾವುದು ಕೆಳಕ್ಕೆ ಎಳೆಯುತ್ತಿದೆ ಎಂಬುದೂ ಕಣ್ಣಿಗೆ ಬೀಳುತ್ತದೆ. ಎರಡು ಕ್ವಿಂಟಾಲ್ ಗೊರಬಲು ಸರಕು ಬೆಟ್ಟೆಗಳೆರಡರ ಗಳಿಕೆಯನ್ನೂ ನುಂಗಿ ಹಾಕಿದ್ದನ್ನು ಗಮನಿಸಿರಿ.

ಇಷ್ಟಕ್ಕೆ ಮುಗಿಯಿತೆಂದುಕೊಂಡಿದ್ದೆವು. ಮರು ಸುಗ್ಗಿಗೆ ಅದೇ ಸದಸ್ಯರು ಮತ್ತೆ ಬಂದರು, ಈ ಸಲ ಇನ್ನೂ ಬಿಗಿಯಾದ ಮುಖದಲ್ಲಿ. ಈಗ ಅವರು ಸರಿಯಾದ ಸರಾಸರಿಯನ್ನೇ ತೆಗೆದಿದ್ದರು. ಸರಕು 82,000, ಬೆಟ್ಟೆ 56,000, ರಾಶಿ 49,000, ಗೊರಬಲು 33,000. ನಾಲ್ಕು ಬಗೆಗಳಿಗೂ ದರ ಏರಿದೆಯೆಂದು ನಮ್ಮ ಕರಿಹಲಗೆಯ ಮೇಲೆ ನಾವೇ ಬರೆದಿದ್ದೆವು. ಮಾಲು ಈ ಸಲವೂ ಹತ್ತೇ ಕ್ವಿಂಟಾಲ್. ಅವರಿಗೆ ಬಂದ ಸರಾಸರಿ ಮಾತ್ರ 43,560, ಅಂದರೆ ಹಿಂದಿನ ವರ್ಷಕ್ಕಿಂತ 3,640 ಕಡಿಮೆ. ಎಲ್ಲ ದರವೂ ಏರಿ ಸರಾಸರಿ ಇಳಿಯುವುದುಂಟೇ? ತೂಕದಲ್ಲೋ ಬಗೆ ಮಾಡುವುದರಲ್ಲೋ ಏನೋ ಆಗಿದೆ ಎಂಬ ಅನುಮಾನ ಅವರ ಮಾತಿನಲ್ಲಿತ್ತು. ಅನುಮಾನಪಡುವುದು ಸದಸ್ಯರ ಹಕ್ಕು, ನಾವು ಬೇಸರಿಸಲಿಲ್ಲ. ಎರಡೂ ವರ್ಷದ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟೆವು.

ಈ ವರ್ಷ ಸರಕು ಕೇವಲ 10 ಕಿಲೋ. ಬೆಟ್ಟೆ 90 ಕಿಲೋ. ರಾಶಿ 5 ಕ್ವಿಂಟಾಲ್. ಗೊರಬಲು ಎರಡರ ಬದಲು ನಾಲ್ಕು ಕ್ವಿಂಟಾಲ್! ಹಣ ಕ್ರಮವಾಗಿ 8,200, 50,400, 2,45,000 ಮತ್ತು 1,32,000, ಒಟ್ಟು 4,35,600.

ಇಂಥ ಕಡೆಯಲ್ಲಿ ದರದ ಪಾಲೆಷ್ಟು, ಬಗೆಯ ಪಾಲೆಷ್ಟು ಎಂದು ಬಿಡಿಸಿ ನೋಡಬೇಕು. ಅದಕ್ಕೆ ಹಳೆಯ ವರ್ಷದ ತೂಕಗಳನ್ನೇ ಇಟ್ಟುಕೊಂಡು ಹೊಸ ವರ್ಷದ ದರ ಹಾಕಿ ನೋಡಿದೆವು. ಆಗ ಒಟ್ಟು 4,82,400, ಸರಾಸರಿ 48,240 ಬಂತು. ಅಂದರೆ ಪೇಟೆ ಅವರಿಗೆ ಕ್ವಿಂಟಾಲಿಗೆ 1,040 ಹೆಚ್ಚು ಕೊಟ್ಟಿದೆ. ಈ 48,240ರಿಂದ ನಿಜವಾಗಿ ಬಂದ 43,560ಕ್ಕೆ ಇಳಿದದ್ದು 4,680. ಇದಿಷ್ಟೂ ಬಗೆಗಳ ಪ್ರಮಾಣ ಬದಲಾದದ್ದರಿಂದ ಆದ ಇಳಿತ. ತೋಟದಲ್ಲಿ ಏನಾಯಿತೆಂದು ಕೇಳಿದಾಗ ಸಂಗತಿ ಹೊರಬಿತ್ತು. ಕೊನೆಗಾರ ಸಕಾಲಕ್ಕೆ ಸಿಕ್ಕಿರಲಿಲ್ಲ, ಕೊಯ್ಲು ತಡವಾಗಿ ಕಾಯಿ ಬಲಿತುಹೋಗಿತ್ತು. ಎಳೆಯ ಕಾಯಿಯಿಂದ ಆಗಬೇಕಾದ ಸರಕು ಬೆಟ್ಟೆಗಳು ಕಡಿಮೆಯಾಗಿ, ಬಲಿತ ಕಾಯಿ ಗೊರಬಲಿಗೆ ಹೋಗಿತ್ತು.

ಹತ್ತು ಕ್ವಿಂಟಾಲಿಗೆ 46,800 ರೂಪಾಯಿ. ಅದರಲ್ಲಿ ಒಂದು ಭಾಗವನ್ನು ಕೊನೆಗಾರನಿಗೆ ಹೆಚ್ಚು ಕೂಲಿಯಾಗಿ ಕೊಟ್ಟು ಕರೆಸಿದ್ದರೂ ಆಗುತ್ತಿತ್ತಲ್ಲ ಎಂದು ಅವರೇ ಹೇಳಿದರು. ನಾವು ಒಂದು ಎಚ್ಚರಿಕೆಯನ್ನೂ ಸೇರಿಸಿದೆವು. ಎಳೆಯ ಕಾಯಿ ಬೇಯಿಸಿ ಒಣಗಿಸಿದಾಗ ತೂಕ ಕಡಿಮೆ ನಿಲ್ಲುತ್ತದೆ. ಆದ್ದರಿಂದ ಸಕಾಲಕ್ಕೆ ಕೊಯ್ದಿದ್ದರೆ ಅದೇ ಕೊನೆಗಳಿಂದ ಪೂರಾ ಹತ್ತು ಕ್ವಿಂಟಾಲ್ ಆಗುತ್ತಿತ್ತೋ ಇಲ್ಲವೋ ಹೇಳಲಾಗದು. ಸರಾಸರಿ ದರ, ತೂಕದ್ದೇ ಆಗಲಿ, ಎಷ್ಟು ಮಾಲು ಬಂತು ಎಂಬುದನ್ನು ಹೇಳುವುದಿಲ್ಲ. ಎರಡು ವರ್ಷ ಹೋಲಿಸುವಾಗ ಎಕರೆಗೆ ಬಂದ ಒಟ್ಟು ಹಣವನ್ನೂ ಪಕ್ಕದಲ್ಲಿ ಬರೆದುಕೊಳ್ಳಬೇಕು.

ಪತ್ರಿಕೆಯ ಧಾರಣೆಯ ಅಂಕಣದ ಬಗ್ಗೆಯೂ ಒಂದು ಮಾತು. ಅಲ್ಲಿ ಕನಿಷ್ಠ, ಗರಿಷ್ಠ ದರಗಳನ್ನು ಕೊಟ್ಟಿರುತ್ತಾರೆ. ಇವೆರಡರ ನಡುವಣ ಅಂಕಿಯೇ ಸರಾಸರಿ ಎಂದು ಹಿಡಿಯುವವರಿದ್ದಾರೆ. ಗರಿಷ್ಠ ದರ ಒಂದೇ ಒಂದು ಚೊಕ್ಕ ಲಾಟಿಗೆ ಬಿದ್ದಿರಬಹುದು, ಕನಿಷ್ಠ ದರ ಒಂದು ಹುಳುಕು ಚೀಲಕ್ಕೆ. ಜೊತೆಯಲ್ಲಿ ಮಾದರಿ ಬೆಲೆ ಇದ್ದರೆ, ಅಂದರೆ ಹೆಚ್ಚಿನ ಮಾಲು ಮಾರಾಟವಾದ ಬೆಲೆ ಇದ್ದರೆ, ಅಂದಾಜಿಗೆ ಅದನ್ನು ಹಿಡಿಯುವುದು ಮೇಲು.

ಕಾಫಿ ಬೆಳೆಗಾರರು ಇದೆಲ್ಲ ಅಡಿಕೆಯವರ ಪಾಡೆಂದು ಪುಟ ತಿರುಗಿಸಬಾರದು. ಕಾಫಿ ಮಂಡಳಿಯ ಪೂಲ್ ಪದ್ಧತಿ 1990ರ ದಶಕದಲ್ಲಿ ಮುಗಿಯುವವರೆಗೆ ಅವರ ಸರಾಸರಿಯನ್ನು ಮಂಡಳಿಯೇ ತೆಗೆಯುತ್ತಿತ್ತು. ಎಲ್ಲರ ಕಾಫಿಯೂ ಒಂದೇ ಪೂಲಿಗೆ ಸೇರಿ, ಬಗೆಗೆ ತಕ್ಕ ಪಾಯಿಂಟುಗಳಂತೆ ಹಣ ಹಂಚಿಕೆಯಾಗುತ್ತಿತ್ತು. ಈಗ ಮೂಟೆ ಮೂಟೆಯ ದರ ಬೆಳೆಗಾರನೇ ನೋಡಿಕೊಳ್ಳಬೇಕು. ಆದರೆ ಕಾಫಿಯಲ್ಲಿ ಮತ್ತೊಂದು ತೊಡಕಿದೆ. 50 ಕಿಲೋ ಮೂಟೆಯೆಂದರೆ ಎಲ್ಲ ಮೂಟೆಯೂ ಒಂದೇ ಅಲ್ಲ. ಒಂದು ಮೂಟೆ ಪಾರ್ಚ್‌ಮೆಂಟಿನಿಂದ ಸುಮಾರು 40 ಕಿಲೋ ಬೇಳೆ ಸಿಕ್ಕಿದರೆ, ಒಂದು ಮೂಟೆ ಚೆರಿಯಿಂದ ಸಿಗುವುದು 26–27 ಕಿಲೋ. ಪಾರ್ಚ್‌ಮೆಂಟ್ ಮತ್ತು ಚೆರಿ ಮೂಟೆಗಳನ್ನು ಒಟ್ಟಿಗೆ ಎಣಿಸಿ ಮೂಟೆಗೆ ಇಷ್ಟು ಎಂದು ಸರಾಸರಿ ತೆಗೆದರೆ, ಹೊಟ್ಟನ್ನೂ ಬೇಳೆಯನ್ನೂ ಸೇರಿಸಿ ತೂಗಿದಂತೆ. ಮೊದಲು ಪ್ರತಿಯೊಂದನ್ನೂ ಔಟ್‌ಟರ್ನ್ ಪ್ರಕಾರ ಬೇಳೆಯ ಕಿಲೋಗೆ ತಂದುಕೊಂಡು, ಬಳಿಕ ಒಟ್ಟು ಹಣವನ್ನು ಒಟ್ಟು ಬೇಳೆಯಿಂದ ಭಾಗಿಸಬೇಕು.

ಹಳೆಯ ಮಾರಾಟದ ಪಟ್ಟಿಗಳು ಮನೆಯಲ್ಲಿ ಇಲ್ಲದವರು ಕಚೇರಿಗೆ ಬಂದರೆ ಕಳೆದ ಎರಡು ಸುಗ್ಗಿಯ ಬಗೆವಾರು ತೂಕವನ್ನು ಖಾತೆಯಿಂದ ಬರೆದು ಕೊಡುತ್ತೇವೆ. ಸೋಮವಾರ ಮಾತ್ರ ಬೇಡ, ಅಂದು ಹೊಸ ಮಾಲು ಇಳಿಯುವ ಗಡಿಬಿಡಿ ಇರುತ್ತದೆ.