ಒಂದು ಸರಕಿಗೆ ಒಂದೇ ಕೋಡ್: ದಾಸ್ತಾನು ಲೆಕ್ಕ ತಪ್ಪದಿರಲು

ಗೋಕಾಕದ ಕರದಂಟು ನಮ್ಮ ಭಾಗದವರಿಗೆ ಹೊಸದಲ್ಲ. ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ ಮುಂತಾದವುಗಳಿಂದ ಮಾಡುವ ಈ ತಿನಿಸು ಪಾಕೀಟುಗಳಲ್ಲಿ ಸಿಗುತ್ತದೆ. ಲೆಕ್ಕ ಕಲಿಯುವುದಕ್ಕಾಗಿ ಒಂದು ಅಂಗಡಿಯನ್ನು ಊಹಿಸಿಕೊಳ್ಳೋಣ. ಅಲ್ಲಿ ಕರದಂಟಿನಲ್ಲಿ ಸಾದಾ ಮತ್ತು ಡ್ರೈಫ್ರೂಟ್ ಎಂಬ ಎರಡು ಬಗೆಗಳಿವೆ. ಪ್ರತಿ ಬಗೆಯೂ 250 ಗ್ರಾಂ, 500 ಗ್ರಾಂ ಮತ್ತು 1 ಕಿಲೋ ಪಾಕೀಟಿನಲ್ಲಿ ಸಿಗುತ್ತದೆ. ಗಿರಾಕಿಯ ಬಾಯಲ್ಲಿ ಇವೆಲ್ಲ 'ಕರದಂಟು' ಅಷ್ಟೆ. ದಾಸ್ತಾನು ಪುಸ್ತಕಕ್ಕೆ ಮಾತ್ರ ಇವು ಆರು ಬೇರೆ ಬೇರೆ ಸರಕುಗಳು, ಏಕೆಂದರೆ ಒಂದರ ಬದಲು ಇನ್ನೊಂದನ್ನು ಕೊಟ್ಟರೆ ಬೆಲೆಯೂ ತಪ್ಪುತ್ತದೆ, ಶಿಲ್ಕೂ ತಪ್ಪುತ್ತದೆ.

ಹೀಗೆ ಬೇರೆಯಾಗಿ ಎಣಿಸಬೇಕಾದ ಪ್ರತಿಯೊಂದು ಸರಕಿಗೂ ವ್ಯಾಪಾರದಲ್ಲಿ 'ಸ್ಟಾಕ್ ಕೀಪಿಂಗ್ ಯೂನಿಟ್', ಚಿಕ್ಕದಾಗಿ ಎಸ್‌ಕೆಯು ಎನ್ನುತ್ತಾರೆ. ಅದಕ್ಕೆ ಅಂಗಡಿಯವರು ತಾವೇ ಕೊಡುವ ಗುರುತೇ ಎಸ್‌ಕೆಯು ಕೋಡ್. ಅದರ ನಿಯಮ ಒಂದೇ: ಒಂದು ಸರಕಿಗೆ ಒಂದೇ ಕೋಡ್, ಒಂದು ಕೋಡಿಗೆ ಒಂದೇ ಸರಕು. ಈ ನಿಯಮದ ಎರಡು ಅರ್ಧಗಳಲ್ಲಿ ಯಾವುದು ಮುರಿದರೆ ಯಾವ ಬಗೆಯ ತಪ್ಪು ಬರುತ್ತದೆ ಎಂಬುದನ್ನು ನೋಡೋಣ.

ಮೊದಲ ತಪ್ಪು: ಒಂದೇ ಸರಕಿಗೆ ಮೂರು ಹೆಸರು

ಅಂಗಡಿಯಲ್ಲಿ ಮೂವರು ಕೆಲಸ ಮಾಡುತ್ತಾರೆ. ಕಂಪ್ಯೂಟರಿನಲ್ಲಿ ಕೋಡ್ ಇಲ್ಲ, ಹೆಸರು ಮಾತ್ರ ಇದೆ. ಒಬ್ಬರು 'ಕರದಂಟು ಅರ್ಧ ಕೆಜಿ' ಎಂದು ಬರೆದರು, ಇನ್ನೊಬ್ಬರು 'Karadant 500' ಎಂದು, ಮೂರನೆಯವರು 'ಸಾದಾ ಕರದಂಟು 500 ಗ್ರಾಂ' ಎಂದು. ಓದುವ ಮನುಷ್ಯನಿಗೆ ಮೂರೂ ಒಂದೇ, ಆದರೆ ಕಂಪ್ಯೂಟರಿಗೆ ಅಕ್ಷರ ಬೇರೆಯಾದರೆ ಸರಕೂ ಬೇರೆ. ಮಾಲು ಬಂದಾಗ ಒಂದು ಹೆಸರಿಗೆ ಜಮಾ ಆಗುತ್ತದೆ, ಮಾರಿದಾಗ ಇನ್ನೊಂದು ಹೆಸರಿನಿಂದ ಕಳೆಯುತ್ತದೆ. ಕೊನೆಗೆ ಶಿಲ್ಕು ಹೀಗೆ ಕಾಣುತ್ತದೆ:

ಕರದಂಟು ಅರ್ಧ ಕೆಜಿ: 18
Karadant 500: −5
ಸಾದಾ ಕರದಂಟು 500 ಗ್ರಾಂ: 15

ಕಪಾಟಿನಲ್ಲಿ ಮೈನಸ್ 5 ಪಾಕೀಟು ಇರಲು ಸಾಧ್ಯವಿಲ್ಲ. ಶಿಲ್ಕು ಸೊನ್ನೆಗಿಂತ ಕೆಳಗೆ ಇಳಿದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ: ಬಂದ ಮಾಲು ಬೇರೆ ಹೆಸರಿನಲ್ಲಿ ಕೂತಿದೆಯೇ? ಮೂರನ್ನೂ ಕೂಡಿಸಿದರೆ 28. ಅದೇ ಈ ಸರಕಿನ ನಿಜವಾದ ಪುಸ್ತಕ ಶಿಲ್ಕು. ಇದನ್ನು ಸರಿಪಡಿಸುವಾಗ ಒಂದು ಸಾಲನ್ನು ಉಳಿಸಿಕೊಂಡು ಉಳಿದ ಎರಡರ ಶಿಲ್ಕನ್ನು ಅದಕ್ಕೆ ವರ್ಗಾಯಿಸಬೇಕು. ಹಳೆಯ ಸಾಲುಗಳನ್ನು ಅಳಿಸಬಾರದು, ಮುಚ್ಚಬೇಕು. ಅಳಿಸಿದರೆ ಹಿಂದಿನ ತಿಂಗಳ ಬಿಲ್ಲುಗಳಿಗೆ ಆಧಾರವೇ ಉಳಿಯುವುದಿಲ್ಲ.

ಕೋಡ್ ಕಟ್ಟುವ ಬಗೆ

ಈಗ ಆರು ಸರಕುಗಳಿಗೆ ಕೋಡ್ ಕೊಡೋಣ. ಮೊದಲ ಭಾಗ ತಿನಿಸು, ಎರಡನೆಯದು ಬಗೆ, ಮೂರನೆಯದು ಗ್ರಾಂ ಲೆಕ್ಕದಲ್ಲಿ ತೂಕ.

```
KRD-SD-0250
KRD-SD-0500
KRD-SD-1000
KRD-DF-0250
KRD-DF-0500
KRD-DF-1000
```

ಎಲ್ಲ ಕೋಡುಗಳ ಉದ್ದ ಒಂದೇ ಎಂಬುದನ್ನು ಗಮನಿಸಿ. ಒಂದು ಅಕ್ಷರ ಬಿಟ್ಟುಹೋದರೆ ಕಣ್ಣಿಗೇ ಗೊತ್ತಾಗುತ್ತದೆ. ತೂಕವನ್ನು ಯಾವಾಗಲೂ ಗ್ರಾಂನಲ್ಲೇ, ನಾಲ್ಕು ಅಂಕಿಗಳಲ್ಲಿ ಬರೆದದ್ದರಿಂದ 'ಅರ್ಧ ಕೆಜಿ', '500' ಎಂಬ ಗೊಂದಲಕ್ಕೆ ಎಡೆಯಿಲ್ಲ. ಕೋಡು ಅಂಕಿಯಿಂದಲ್ಲ, ಅಕ್ಷರದಿಂದ ಶುರುವಾಗಿದೆ. ಇದಕ್ಕೆ ಕಾರಣವಿದೆ. ಬರೀ 0500 ಎಂದು ಎಕ್ಸೆಲ್‌ನಲ್ಲಿ ಬರೆದರೆ ಅದು ಮುಂದಿನ ಸೊನ್ನೆಯನ್ನು ನುಂಗಿ 500 ಎಂದು ತೋರಿಸುತ್ತದೆ. 13 ಅಂಕಿಯ ಬಾರ್‌ಕೋಡ್ ಸಂಖ್ಯೆಯನ್ನು ಬರೆದರೆ 8.90123E+12 ಎಂದು ತೋರಿಸುತ್ತದೆ. ಆದ್ದರಿಂದ ಕೋಡ್ ಬರೆಯುವ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಎಂದು ಗೊತ್ತುಮಾಡಿಕೊಳ್ಳಬೇಕು.

ಕೋಡಿನ ಒಳಗೆ ಏನನ್ನು ಹಾಕಬಾರದು ಎಂಬುದೂ ಅಷ್ಟೇ ಮುಖ್ಯ. ಬೆಲೆ, ಕಪಾಟಿನ ನಂಬರ್, ಮಾಲು ಕೊಟ್ಟವರ ಹೆಸರು ಇವೆಲ್ಲ ಬದಲಾಗುತ್ತವೆ. ಬೆಲೆಯನ್ನು ಕೋಡಿನಲ್ಲಿ ಸೇರಿಸಿದರೆ ಬೆಲೆ ಏರಿದ ದಿನವೇ ಕೋಡು ಸುಳ್ಳಾಗುತ್ತದೆ. ಅದೇ ಪಾಕೀಟಿನ ತೂಕ 500 ಗ್ರಾಂನಿಂದ 450ಕ್ಕೆ ಇಳಿದರೆ ಮಾತ್ರ ಅದು ಹೊಸ ಸರಕು, ಹೊಸ ಕೋಡ್ ಬೇಕು. ಮಾರಾಟ ನಿಂತುಹೋದ ಸರಕಿನ ಕೋಡನ್ನು ಬೇರೆ ಸರಕಿಗೆ ಕೊಡಬಾರದು. ಕೊಟ್ಟರೆ ಹಳೆಯ ಬಿಲ್ಲುಗಳೆಲ್ಲ ಹೊಸ ಸರಕಿನ ಲೆಕ್ಕಕ್ಕೆ ಸೇರಿ ಕಾಣುತ್ತವೆ.

ಜಿಎಸ್‌ಟಿ ಬಿಲ್ಲಿನ ಮೇಲಿರುವ ಎಚ್‌ಎಸ್‌ಎನ್ ಸಂಖ್ಯೆಯೇ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದು. ಅದು ತೆರಿಗೆಗಾಗಿ ಸರಕಿನ ವರ್ಗವನ್ನು ಹೇಳುತ್ತದೆ. 250 ಗ್ರಾಂ ಪಾಕೀಟಿಗೂ 1 ಕಿಲೋ ಪಾಕೀಟಿಗೂ ಅದು ಒಂದೇ.

ಬಾರ್‌ಕೋಡ್ ಏನು ಹೇಳುತ್ತದೆ?

1974ರ ಜೂನ್ 26ರಂದು ಅಮೆರಿಕದ ಓಹಾಯೊ ರಾಜ್ಯದ ಟ್ರಾಯ್ ಊರಿನ ಅಂಗಡಿಯೊಂದರಲ್ಲಿ ಚ್ಯೂಯಿಂಗ್ ಗಮ್ ಪೊಟ್ಟಣದ ಬಾರ್‌ಕೋಡನ್ನು ಸ್ಕ್ಯಾನ್ ಮಾಡಿ ಮಾರಿದರು. ಇಂದು ಬಿಸ್ಕತ್ತು, ಸಾಬೂನುಗಳ ಮೇಲೆ ಕಾಣುವ ಗೆರೆಗಳ ಕಥೆ ಶುರುವಾದದ್ದು ಅಲ್ಲಿಂದ. ಆ ಗೆರೆಗಳಲ್ಲಿ ಹೆಸರೂ ಇಲ್ಲ, ಬೆಲೆಯೂ ಇಲ್ಲ. ಇರುವುದು ಒಂದು ಸಂಖ್ಯೆ ಮಾತ್ರ. ಸ್ಕ್ಯಾನರ್ ಆ ಸಂಖ್ಯೆಯನ್ನು ಓದುತ್ತದೆ, ಹೆಸರು ಬೆಲೆಗಳನ್ನು ಕಂಪ್ಯೂಟರ್ ತನ್ನ ಪಟ್ಟಿಯಿಂದ ಹುಡುಕಿ ತೋರಿಸುತ್ತದೆ.

ನಮ್ಮಲ್ಲಿ ಈ ಸಂಖ್ಯೆಗಳನ್ನು ಕಂಪನಿಗಳಿಗೆ ಕೊಡುವ ಸಂಸ್ಥೆ ಜಿಎಸ್1 ಇಂಡಿಯಾ. ಅದು ಕೊಟ್ಟ ಸಂಖ್ಯೆಗಳು 890ರಿಂದ ಶುರುವಾಗುತ್ತವೆ. 890 ಇದ್ದರೆ ಮಾಲು ಭಾರತದಲ್ಲೇ ತಯಾರಾಗಿದೆ ಎಂದಲ್ಲ, ಸಂಖ್ಯೆಯನ್ನು ಇಲ್ಲಿ ಪಡೆದಿದ್ದಾರೆ ಎಂದಷ್ಟೇ ಅರ್ಥ. 13 ಅಂಕಿಗಳಲ್ಲಿ ಕೊನೆಯದು ತಾಳೆ ಅಂಕಿ. ಮಾದರಿಗಾಗಿ 8901234567890 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳೋಣ. ಎಡದಿಂದ ಮೊದಲ 12 ಅಂಕಿಗಳನ್ನು ಕ್ರಮವಾಗಿ 1 ಮತ್ತು 3ರಿಂದ ಗುಣಿಸಿ ಕೂಡಿಸಬೇಕು:

```
8+27+0+3+2+9+4+15+6+21+8+27 = 130
```

ಮೊತ್ತವನ್ನು ಮುಂದಿನ ಹತ್ತರ ಗುಣಕಕ್ಕೆ ಮುಟ್ಟಿಸಲು ಎಷ್ಟು ಬೇಕೋ ಅದೇ ತಾಳೆ ಅಂಕಿ. 130 ಆಗಲೇ ಹತ್ತರ ಗುಣಕ, ಹಾಗಾಗಿ ತಾಳೆ ಅಂಕಿ 0. ಯಾರಾದರೂ ಕೈಯಿಂದ ಬರೆಯುವಾಗ 2 ಮತ್ತು 3ನ್ನು ಅದಲುಬದಲು ಮಾಡಿದರೆ ಮೊತ್ತ 128 ಆಗುತ್ತದೆ, ತಾಳೆ ಅಂಕಿ 2 ಆಗಬೇಕಾಗುತ್ತದೆ. ಕೊನೆಯಲ್ಲಿ 0 ಇರುವುದರಿಂದ ತಪ್ಪು ಸಿಕ್ಕಿಬೀಳುತ್ತದೆ. ಆದರೆ ಪಕ್ಕಪಕ್ಕದ ಎರಡು ಅಂಕಿಗಳ ವ್ಯತ್ಯಾಸ 5 ಆಗಿದ್ದರೆ, ಉದಾಹರಣೆಗೆ 1 ಮತ್ತು 6, ಅವು ಅದಲುಬದಲಾದದ್ದು ಈ ಲೆಕ್ಕಕ್ಕೆ ತಿಳಿಯುವುದಿಲ್ಲ.

ಅಂಗಡಿಯಲ್ಲೇ ತುಂಬಿದ ಕರದಂಟು ಪಾಕೀಟಿಗೆ ಇಂಥ ಸಂಖ್ಯೆ ಇರುವುದಿಲ್ಲ. ಆಗ 890ರಿಂದ ಶುರುವಾಗುವ ಸಂಖ್ಯೆಯನ್ನು ನಾವೇ ಕಲ್ಪಿಸಿ ಹಾಕಬಾರದು, ಅದು ಬೇರೆ ಕಂಪನಿಯ ಸರಕಿನದ್ದಾಗಿರಬಹುದು. ಬದಲಿಗೆ ನಮ್ಮ ಎಸ್‌ಕೆಯು ಕೋಡನ್ನೇ ಕೋಡ್ 128 ಎಂಬ ಬಗೆಯ ಬಾರ್‌ಕೋಡಾಗಿ ಮುದ್ರಿಸಿ ಅಂಟಿಸಬಹುದು. ಅದರಲ್ಲಿ ಇಂಗ್ಲಿಷ್ ಅಕ್ಷರಗಳೂ ಅಂಕಿಗಳೂ ಕೂಡುತ್ತವೆ. ಅಂಗಡಿಯ ಒಳಗಿನ ಬಳಕೆಗೆ ಇದು ಸಾಕು, ಹೊರಗಿನ ಅಂಗಡಿಗಳಿಗೆ ಮಾಲು ಕಳಿಸುವವರಿಗೆ ಜಿಎಸ್1 ಸಂಖ್ಯೆ ಬೇಕು. ಗೆರೆಗಳ ಎಡಬಲದಲ್ಲಿ ಬಿಳಿ ಜಾಗ ಬಿಡಬೇಕು, ಇಲ್ಲವಾದರೆ ಸ್ಕ್ಯಾನರ್ ಓದುವುದಿಲ್ಲ. ತುಪ್ಪದ ಜಿಡ್ಡು ತಾಗಿದರೆ ಥರ್ಮಲ್ ಮುದ್ರಣ ಮಾಸುತ್ತದೆ, ಆದ್ದರಿಂದ ಕೋಡನ್ನು ಗೆರೆಗಳ ಕೆಳಗೆ ಓದಲು ಬರುವಂತೆಯೂ ಮುದ್ರಿಸಬೇಕು.

ಎರಡನೆಯ ತಪ್ಪು: ಒಂದು ಕೋಡಿನಲ್ಲಿ ಎರಡು ಸರಕು

ಕೋಡು, ಬಾರ್‌ಕೋಡು ಎರಡೂ ಸರಿಯಾಗಿದ್ದರೂ ಎಣಿಕೆ ತಪ್ಪಬಹುದು. ವಾರದ ಕೊನೆಯಲ್ಲಿ ಕಂಪ್ಯೂಟರ್ ಹೀಗೆ ಹೇಳುತ್ತದೆ:

KRD-SD-0500: ಆರಂಭ 40, ಬಂದದ್ದು 60, ಮಾರಿದ್ದು 72, ಶಿಲ್ಕು 28
KRD-DF-0500: ಆರಂಭ 25, ಬಂದದ್ದು 30, ಮಾರಿದ್ದು 33, ಶಿಲ್ಕು 22

ಕಪಾಟಿನಲ್ಲಿ ಎಣಿಸಿದಾಗ ಸಾದಾ 31, ಡ್ರೈಫ್ರೂಟ್ 19 ಸಿಕ್ಕವು. ಪುಸ್ತಕದಲ್ಲಿ ಒಟ್ಟು 50, ಕಪಾಟಿನಲ್ಲೂ ಒಟ್ಟು 50. ಒಟ್ಟು ಮೊತ್ತವನ್ನಷ್ಟೇ ನೋಡುವವರು ಲೆಕ್ಕ ಸರಿಯಿದೆ ಎಂದು ಪುಸ್ತಕ ಮುಚ್ಚುತ್ತಾರೆ. ಸಾಲುಸಾಲಾಗಿ ನೋಡಿದರೆ ಒಂದು ಕಡೆ 3 ಹೆಚ್ಚು, ಇನ್ನೊಂದು ಕಡೆ 3 ಕಡಿಮೆ.

ಕಳುವಾಗಿದ್ದರೆ ಕಡಿಮೆಯಷ್ಟೇ ಆಗಬೇಕಿತ್ತು. ಹೋಲುವ ಎರಡು ಸರಕುಗಳಲ್ಲಿ ಸರಿಸಮವಾಗಿ ಹೆಚ್ಚು ಕಡಿಮೆ ಬಂದರೆ ಅದು ಒಂದರ ಬದಲು ಇನ್ನೊಂದನ್ನು ಬಿಲ್ ಮಾಡಿದ ಲಕ್ಷಣ. ಗಿರಾಕಿ ಸಾದಾ ಮತ್ತು ಡ್ರೈಫ್ರೂಟ್ ಪಾಕೀಟುಗಳನ್ನು ಒಟ್ಟಿಗೆ ತಂದಿಟ್ಟಾಗ, ಗದ್ದಲದಲ್ಲಿ ಒಂದು ಸಾದಾ ಪಾಕೀಟನ್ನು ಸ್ಕ್ಯಾನ್ ಮಾಡಿ ಉಳಿದ ಮೂರನ್ನೂ ಅದರ ಸಂಖ್ಯೆಗೇ ಕೂಡಿಸಿಬಿಡುತ್ತಾರೆ. ಸಾದಾ 300 ರೂಪಾಯಿ, ಡ್ರೈಫ್ರೂಟ್ 420 ರೂಪಾಯಿ ಎಂದುಕೊಂಡರೆ ಅಂಗಡಿಗೆ ಬರಬೇಕಾದ 360 ರೂಪಾಯಿ ಬರಲಿಲ್ಲ. ಅಷ್ಟಕ್ಕೇ ಮುಗಿಯಲಿಲ್ಲ. ಮದುವೆ ಮನೆಯವರು 22 ಡ್ರೈಫ್ರೂಟ್ ಪಾಕೀಟು ಕೇಳಿದರೆ ಕಂಪ್ಯೂಟರ್ ನೋಡಿ 'ಇವೆ' ಎಂದು ಮಾತು ಕೊಡುತ್ತಾರೆ. ಕೊಡಲು ಇರುವುದು 19. ಅಕೌಂಟೆನ್ಸಿ ಓದುವವರಿಗೆ ಇನ್ನೊಂದು ಮಾತು: ಎಣಿಸದೆ ಪುಸ್ತಕದ ಶಿಲ್ಕನ್ನೇ ಅಂತಿಮ ದಾಸ್ತಾನು ಎಂದು ಹಿಡಿದರೆ ದುಬಾರಿ ಸರಕು ಹೆಚ್ಚಾಗಿ ಕಾಣುತ್ತದೆ, ಅಷ್ಟರ ಮಟ್ಟಿಗೆ ಒಟ್ಟು ಲಾಭವೂ ಹೆಚ್ಚಾಗಿ ಕಾಣುತ್ತದೆ.

ಇದಕ್ಕೆ ಮದ್ದು ಬಿಲ್ಲಿನ ಮೇಜಿನಲ್ಲೇ ಇದೆ. ಪ್ರತಿ ಪಾಕೀಟನ್ನೂ ಬೇರೆಯಾಗಿ ಸ್ಕ್ಯಾನ್ ಮಾಡಬೇಕು. ಪಾಕೀಟುಗಳೆಲ್ಲ ಒಂದೇ ಕೋಡಿನವು ಎಂದು ನೋಡಿಕೊಂಡ ಮೇಲೆ ಮಾತ್ರ ಸಂಖ್ಯೆ ಒತ್ತಬೇಕು. ಎಣಿಸುವವರ ಕೈಗೆ ಕೊಡುವ ಪಟ್ಟಿಯಲ್ಲಿ ಕೋಡು ಮತ್ತು ಹೆಸರು ಇರಲಿ, ಪುಸ್ತಕದ ಶಿಲ್ಕು ಬೇಡ. 28 ಎಂದು ಮೊದಲೇ ಕಂಡವರ ಕಣ್ಣು 28ನ್ನೇ ಎಣಿಸಲು ನೋಡುತ್ತದೆ. ವ್ಯತ್ಯಾಸ ಬಂದರೆ ಆರಂಭದ ಶಿಲ್ಕನ್ನು ತಿದ್ದಬಾರದು. ದಿನಾಂಕ, ಕೋಡು, ಎಷ್ಟು ಹೆಚ್ಚು ಕಡಿಮೆ, ಏನು ಕಾರಣ ಎಂದು ಬರೆದು ಬೇರೆ ಹೊಂದಾಣಿಕೆ ನಮೂದು ಹಾಕಬೇಕು. ಅದೇ ಜೋಡಿ ಸರಕುಗಳು ಮತ್ತೆ ಮತ್ತೆ ಆ ನಮೂದಿನಲ್ಲಿ ಬಂದರೆ ಅವುಗಳನ್ನು ಬೇರೆ ಬೇರೆ ಕಪಾಟಿನಲ್ಲಿ ಇಡುವ ಕಾಲ ಬಂದಿದೆ ಎಂದರ್ಥ.

ಅಭ್ಯಾಸ

1. 890765432101 ಈ 12 ಅಂಕಿಗಳಿಗೆ ತಾಳೆ ಅಂಕಿ ಕಂಡುಹಿಡಿಯಿರಿ.
2. ಒಂದು ಅಂಗಡಿಯಲ್ಲಿ 100 ಪುಟ ಮತ್ತು 200 ಪುಟದ ನೋಟ್‌ಬುಕ್‌ಗಳಿವೆ. ಪ್ರತಿಯೊಂದೂ ಗೆರೆ ಇರುವುದು, ಗೆರೆ ಇಲ್ಲದ್ದು ಎಂದು ಎರಡು ಬಗೆ. ಎಷ್ಟು ಕೋಡುಗಳು ಬೇಕು? ಅವುಗಳನ್ನು ಬರೆಯಿರಿ.
3. ಒಂದು ಕೋಡಿನಲ್ಲಿ 4 ಪಾಕೀಟು ಕಡಿಮೆ ಬಂದಿದೆ, ಬೇರೆ ಯಾವುದರಲ್ಲೂ ಹೆಚ್ಚು ಬಂದಿಲ್ಲ. ಇದು ಅದಲುಬದಲಾದ ಬಿಲ್ ಆಗಿರಬಹುದೇ? ಕಾರಣ ಕೊಡಿ.